ಪರಿಚಯದ ಕೋರಿಕೆ ಮಿತಿಮೀರಿದಾಗ

ನಿಮ್ಮ ಮನೆಯ ಮಗನೋ ಮಗಳೋ ಉದ್ಯೋಗ ಅರಸುತ್ತಿದ್ದರೆ ಲಿಂಕ್ಡ್‌ಇನ್ ಎಂಬ ಹೆಸರು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. 2003ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಜಾಲತಾಣದಲ್ಲಿ ಉದ್ಯೋಗಸ್ಥರು ತಮ್ಮ ಓದು, ಕೆಲಸಗಳ ವಿವರ ಬರೆದಿಟ್ಟಿರುತ್ತಾರೆ. ಪರಸ್ಪರ ಪರಿಚಯದ ಕೋರಿಕೆ ಕಳುಹಿಸುತ್ತಾರೆ. ಇದು ಮಿತಿಮೀರಿದರೆ ತಾಣವು ತಡೆಯೊಡ್ಡುತ್ತದೆ. ಆ ತಡೆಯಲ್ಲಿ ಎರಡು ಬಗೆಯುಂಟು. ಯಾವುದೆಂದು ಅರಿಯದೆ ಹೂಡಿದ ಉಪಾಯ ಅಪಾಯವಾದೀತು.

ಕಲ್ಮಲದ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳಿ. ರಾಯಚೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಈತ, ಬೆಂಗಳೂರಿನ ತೊಂಬತ್ತು ಮಂದಿ ಅಪರಿಚಿತರಿಗೆ ಎರಡೇ ಸಂಜೆಗಳಲ್ಲಿ ಕೋರಿಕೆ ಕಳುಹಿಸುತ್ತಾನೆ. ಒಪ್ಪಿದವರು ಎಂಟು ಮಂದಿ. ಮೂರನೆಯ ಸಂಜೆ, ಹೊಸ ಕೋರಿಕೆ ಕಳುಹಿಸುವಂತಿಲ್ಲವೆಂಬ ಸೂಚನೆ ಕಾಣುತ್ತದೆ. ವಾರಕ್ಕೆ ಸುಮಾರು ನೂರು ಎಂಬುದು ಬಳಸುವವರ ಅನುಭವ; ತಾಣವು ಖಚಿತ ಸಂಖ್ಯೆಯನ್ನು ಸಾರಿಲ್ಲ. ಅದು ನೋಡುವುದು ಎಣಿಕೆಯನ್ನಷ್ಟೇ ಅಲ್ಲ. ಉತ್ತರ ಬಾರದೆ ಉಳಿದವು, ತಳ್ಳಿಹಾಕಿದವು, ‘ಈತನನ್ನು ನಾನರಿಯೆ’ ಎಂದು ದೂರಿದವು ಹೆಚ್ಚಿದರೂ ತಡೆ ಬೀಳುತ್ತದೆ.

ಈ ತಡೆಯು ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿಯೇ ಕಳಚುತ್ತದೆ. ಬೇಗ ತೆಗೆಯಿರೆಂದು ಬರೆದರೂ ಫಲವಿಲ್ಲ. ಅಷ್ಟರಲ್ಲಿ ಆತ ‘Sent’ ಎಂಬ ಪಟ್ಟಿ ತೆರೆದು, ಬಹಳ ದಿನದಿಂದ ಉತ್ತರವಿಲ್ಲದವನ್ನು ‘Withdraw’ ಒತ್ತಿ ಹಿಂಪಡೆಯಬಹುದು. ಹಾಗೆ ಹಿಂಪಡೆದರೆ ಅದೇ ವ್ಯಕ್ತಿಗೆ ಮೂರು ವಾರಗಳವರೆಗೆ ಮತ್ತೆ ಕಳುಹಿಸಲಾಗದು. ಇದರಿಂದ ತಡೆಯ ಅವಧಿ ಕುಗ್ಗದು. ಮುಂದಿನ ಹೊರೆ ಇಳಿಯುತ್ತದೆ, ಅಷ್ಟೆ.

ಎರಡನೆಯ ತಡೆ ಹುಡುಕಾಟಕ್ಕೆ ಸಂಬಂಧಿಸಿದ್ದು. ‘ಬೆಂಗಳೂರಿನ ಇಂಜಿನಿಯರುಗಳು’ ಎಂದು ಮತ್ತೆ ಮತ್ತೆ ಜನರನ್ನು ಹುಡುಕಿದರೆ ಉಚಿತ ಖಾತೆಯ ಪಾಲು ಮುಗಿದು, ಫಲಿತಾಂಶಗಳು ಕೆಲವೇ ಕಾಣತೊಡಗುತ್ತವೆ. ಇದಕ್ಕೆ ವಾರ ಕಾದರೆ ಸಾಲದು. ಪ್ರತಿ ತಿಂಗಳ 1ನೆಯ ತಾರೀಖು, ಅಮೆರಿಕದ ಪಶ್ಚಿಮ ತೀರದ ನಡುರಾತ್ರಿಗೆ ಲೆಕ್ಕ ಹೊಸದಾಗುತ್ತದೆ. ಅಲ್ಲಿಯ ಚಳಿಗಾಲದ ಗಡಿಯಾರದಂತೆ ನಮಗೆ ಅದು ಅದೇ ದಿನ ಮಧ್ಯಾಹ್ನ ಒಂದೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಅಲ್ಲಿಯವರೆಗೂ ಹೆಸರು ಹಿಡಿದು ಒಬ್ಬರನ್ನು ಹುಡುಕುವುದಕ್ಕೂ ನೌಕರಿಯ ಪುಟದಲ್ಲಿ ಕೆಲಸ ಹುಡುಕುವುದಕ್ಕೂ ಅಡ್ಡಿಯಿಲ್ಲ. ಅವು ಈ ಲೆಕ್ಕಕ್ಕೆ ಸೇರವು.

ಆತುರಗಾರರು ಇಲ್ಲಿ ಎಡವುವುದುಂಟು. ಕೆಲವರು ಎರಡನೆಯ ಖಾತೆ ತೆರೆಯುತ್ತಾರೆ. ಕೆಲವರು ತಾನೇ ಕೋರಿಕೆ ಕಳುಹಿಸುವ ಯಂತ್ರೋಪಾಯದ ಕೈಗೆ ಖಾತೆಯನ್ನೊಪ್ಪಿಸುತ್ತಾರೆ. ಎರಡೂ ತಾಣದ ನಿಯಮಕ್ಕೆ ವಿರುದ್ಧ. ಆಗ ಕೋರಿಕೆಯಷ್ಟೇ ಅಲ್ಲ, ಇಡೀ ಖಾತೆಯೇ ಮುಚ್ಚಿಹೋಗಬಹುದು. ಗುರುತಿನ ಚೀಟಿ ತೋರಿಸೆಂದು ಕೇಳಿದರೆ ಅದು ಈ ಮೂರನೆಯ, ಕಠಿಣವಾದ ಸ್ಥಿತಿಯ ಲಕ್ಷಣ.

ತಡೆ ಕಳಚಿದ ಮೇಲೆ ನಮ್ಮ ತರುಣನು ದಿನಕ್ಕೆ ನಾಲ್ಕೈದು ಕೋರಿಕೆಗಳನ್ನಷ್ಟೇ ಕಳುಹಿಸಲಿ. ಮೊದಲು ಸಹಪಾಠಿಗಳಿಗೆ, ಕಲಿಸಿದ ಗುರುಗಳಿಗೆ, ಅದೇ ಕಾಲೇಜಿನಲ್ಲಿ ಓದಿ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ಬೆಂಗಳೂರಿನಲ್ಲೋ ಇರುವ ಹಿರಿಯರಿಗೆ. ಅಪರಿಚಿತರಿಗಾದರೆ ತಾನು ಯಾರು, ಏಕೆ ಬರೆದೆ ಎಂಬ ಎರಡು ಸಾಲಿನ ಒಕ್ಕಣೆ ಇರಲಿ. ಉಚಿತ ಖಾತೆಗೆ ಇಂಥ ಒಕ್ಕಣೆ ತಿಂಗಳಿಗೆ ಕೆಲವೇ ಆದುದರಿಂದ, ಬೇಕಾದವರಿಗಾಗಿ ಅವನ್ನು ಉಳಿಸಿಕೊಳ್ಳತಕ್ಕದ್ದು.