ಅಜ್ಜಿ ಒಂದು ಸಾಲು, ನಾನು ಒಂದು ಸಾಲು

ಮಕ್ಕಳ ಪುಸ್ತಕದ ಬೆನ್ನ ಮೇಲೆ, ಪ್ರಕಾಶನದ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು ಇರುತ್ತದೆ. ಸಿನಿಮಾದವರು ಅದನ್ನು ಅಡಿಬರಹ ಎನ್ನುತ್ತಾರೆ, ಜಾಹೀರಾತಿನವರು ಟ್ಯಾಗ್‌ಲೈನ್ ಎನ್ನುತ್ತಾರೆ. ಕೊಳ್ಳುವವರು ಅದನ್ನು ಓದುವುದು ಕ್ಷಣಮಾತ್ರ. ಆದರೆ ಪ್ರಕಾಶಕರು ಯಾವ ಪುಸ್ತಕ ಮಾಡುತ್ತಾರೆ, ಯಾವುದನ್ನು ಕೈಬಿಡುತ್ತಾರೆ ಎಂಬುದನ್ನು ವರ್ಷಗಟ್ಟಲೆ ಆ ಸಾಲೇ ತೀರ್ಮಾನಿಸಬಲ್ಲದು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಪ್ರತಿ ಮಗುವಿನ ಕೈಯಲ್ಲೂ ಒಂದು ಪುಸ್ತಕ ಇರಬೇಕು ಎಂಬುದು ಅವರ ಘೋಷವಾಕ್ಯ. ‘ಪ್ರತಿ ಮಗು’ ಎಂದ ಮೇಲೆ ಬೆಲೆ ಕಡಿಮೆ ಇರಲೇಬೇಕು, ಹಲವು ಭಾಷೆಗಳಲ್ಲಿ ಪುಸ್ತಕ ಬರಲೇಬೇಕು. 2015ರಲ್ಲಿ ಅವರು ಸ್ಟೋರಿವೀವರ್ ಹೆಸರಿನಲ್ಲಿ ಕಥೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟದ್ದೂ ಅದೇ ಮಾತಿನ ಮುಂದುವರಿಕೆ.

ಈಗ ಬೇರೊಂದು ಗುರಿ ಇರುವ ಸಣ್ಣ ಕನ್ನಡ ಪ್ರಕಾಶನವೊಂದನ್ನು ಊಹಿಸಿಕೊಳ್ಳೋಣ. ಮೂರರಿಂದ ಏಳು ವರ್ಷದ ಮಕ್ಕಳಿಗೆ ಚಿತ್ರಪುಸ್ತಕ ಮಾಡುವುದು ಅವರ ಕೆಲಸ. ಮಗು ಅಜ್ಜಿ ತಾತಂದಿರ ಜೊತೆ ಕೂತು ಗಟ್ಟಿಯಾಗಿ ಓದುವಂಥ ಪುಸ್ತಕಗಳು ಬೇಕೆಂಬುದು ಅವರ ಆಸೆ. ಅದನ್ನು ಹೇಳುವ ಅಡಿಬರಹ ಹೇಗೆ ಹುಟ್ಟಬೇಕು?

ಮೊದಲು ಹೊಳೆಯುವ ಸಾಲು ಸಾಮಾನ್ಯವಾಗಿ ‘ಅಜ್ಜಿ ಹೇಳಿದ ಕಥೆಗಳು’ ಎಂಬ ಧಾಟಿಯದು. ಕೇಳಲು ಹಿತವಾಗಿದ್ದರೂ ಈ ಪುಸ್ತಕಗಳಿಗೆ ಅದು ಹೊಂದುವುದಿಲ್ಲ. ಕಥೆ ಹೇಳುವುದು ಬೇರೆ, ಓದುವುದು ಬೇರೆ. ಸುಧಾ ಮೂರ್ತಿಯವರ ‘ಗ್ರ್ಯಾಂಡ್‌ಮಾಸ್ ಬ್ಯಾಗ್ ಆಫ್ ಸ್ಟೋರೀಸ್’ನಲ್ಲಿ ಶಿಗ್ಗಾಂವಿಗೆ ಬಂದ ಮೊಮ್ಮಕ್ಕಳಿಗೆ ಅಜ್ಜಿ ನೆನಪಿನಿಂದ ಕಥೆ ಹೇಳುತ್ತಾಳೆ. ಆ ಅಜ್ಜಿಗೆ ಪುಸ್ತಕದ ಹಂಗಿಲ್ಲ. ಪುಸ್ತಕವನ್ನೇ ಮಾರುವ ಸಂಸ್ಥೆ ತನ್ನ ಅಡಿಬರಹದಲ್ಲಿ ಪುಸ್ತಕವಿಲ್ಲದ ಅಜ್ಜಿಯನ್ನು ಕೂರಿಸಿದರೆ ಅದು ತನ್ನ ಮಾಲನ್ನೇ ಮರೆತಂತೆ.

ಎರಡನೆಯದು ‘ಅಜ್ಜಿ ಓದಲಿ, ಮಗು ಕೇಳಲಿ’ ಎಂಬ ಧಾಟಿ. ಇಲ್ಲಿ ಪುಸ್ತಕ ಇದೆ, ಆದರೆ ಇನ್ನೂ ದೊಡ್ಡ ತೊಡಕೂ ಇದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು ಶೇ. 68ರಷ್ಟು. ಎಲ್ಲ ವಯಸ್ಸಿನವರೂ ಸೇರಿದ ಲೆಕ್ಕ ಇದು. ವಯಸ್ಸಾದ ಹೆಂಗಸರನ್ನಷ್ಟೇ ತೆಗೆದುಕೊಂಡರೆ ಇನ್ನೂ ಕಡಿಮೆ. ಓದು ಬಾರದ ಅಜ್ಜಿಯ ಮನೆಗೆ ಈ ಸಾಲು ಹೋದರೆ, ಮೊಮ್ಮಗುವಿನ ಎದುರು ಅವಳು ತಲೆ ತಗ್ಗಿಸಬೇಕಾಗುತ್ತದೆ. ಮಗು ಬರೀ ಕೇಳುವುದೂ ಸಾಲದು. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಸುಮಾರು ಎರಡು, ಎರಡೂವರೆ ವರ್ಷದ ಮಕ್ಕಳ ಮನೆಗಳಲ್ಲಿ ಒಂದು ತಿಂಗಳ ಪ್ರಯೋಗ ಮಾಡಿದರು. ಒಂದು ಗುಂಪಿನ ತಂದೆತಾಯಂದಿರು ಎಂದಿನಂತೆ ಓದಿದರು. ಇನ್ನೊಂದು ಗುಂಪಿನವರು ನಡುನಡುವೆ ನಿಲ್ಲಿಸಿ ‘ಇದೇನು ಮಾಡ್ತಿದೆ?’ ಎಂಬಂಥ ಪ್ರಶ್ನೆ ಕೇಳಿ, ಮಗು ಹೇಳಿದ್ದನ್ನು ಇನ್ನಷ್ಟು ಬೆಳೆಸಿದರು. ಎರಡನೇ ಗುಂಪಿನ ಮಕ್ಕಳ ಮಾತು ಎದ್ದು ಕಾಣುವಷ್ಟು ಮುಂದೆ ಹೋಯಿತು. ಮಗುವಿಗೂ ಬಾಯಿ ಕೊಟ್ಟ ಓದು ಅದು.

ಹೀಗಾಗಿ ಅಡಿಬರಹದಲ್ಲಿ ಪುಸ್ತಕ ಇರಬೇಕು, ಇಬ್ಬರೂ ಮಾತಾಡಬೇಕು, ಓದು ಬಾರದವರೂ ಹೊರಗುಳಿಯಬಾರದು. ಇದಕ್ಕೆ ‘ಅಜ್ಜಿ ಒಂದು ಸಾಲು, ನಾನು ಒಂದು ಸಾಲು’ ಚೆನ್ನಾಗಿ ಒಪ್ಪುತ್ತದೆ. ‘ಸಾಲು’ ಎಂದ ಕೂಡಲೇ ಪುಸ್ತಕ ಬಂತು. ‘ನಾನು’ ಎಂದದ್ದರಿಂದ ಇದು ಮಗುವಿನ ಮಾತಾಯಿತು. ಪುಸ್ತಕ ಕೊಳ್ಳುವವರು ಸಾಮಾನ್ಯವಾಗಿ ಅಪ್ಪ ಅಮ್ಮ, ಜೊತೆಗೆ ಕೂರುವವರು ಅಜ್ಜಿ ತಾತ. ಮಗುವಿನ ಬಾಯಲ್ಲಿ ಬಂದ ಮಾತು ಇಬ್ಬರಿಗೂ ಕರೆಯಾಗಿ ಕೇಳಿಸುತ್ತದೆ. ಓದಬೇಕು ಎಂಬ ಆಜ್ಞೆಯೂ ಸಾಲಿನಲ್ಲಿಲ್ಲ. ಅಕ್ಷರ ಬಾರದ ಅಜ್ಜಿ ಚಿತ್ರ ನೋಡಿ ತನ್ನ ಸಾಲನ್ನು ತಾನೇ ಕಟ್ಟಿಕೊಂಡರೂ ಆಟ ಮುಂದುವರಿಯುತ್ತದೆ.

ಇದರ ಲಯ ಗಟ್ಟಿಯಾದದ್ದು. ಶಾಲೆಯಲ್ಲಿ ಕಲಿತ ಮಾತ್ರೆಯ ಲೆಕ್ಕ ನೆನಪು ಮಾಡಿಕೊಳ್ಳಬಹುದು: ಹ್ರಸ್ವಕ್ಕೆ ಒಂದು; ದೀರ್ಘಕ್ಕೆ, ಅನುಸ್ವಾರ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ‘ಅಜ್ಜಿ’ ಮೂರು ಮಾತ್ರೆ, ‘ಒಂದು’ ಮೂರು, ‘ಸಾಲು’ ಮೂರು. ‘ನಾನು’ ಕೂಡ ಮೂರೇ. ಎರಡೂ ಅರ್ಧಗಳು ಮೂರು ಮೂರರ ಹೆಜ್ಜೆಯಲ್ಲಿ ಸರಿಸಮ ನಡೆಯುತ್ತವೆ. ಮಾತಿನಲ್ಲಿ ‘ನಾನೊಂದು’ ಎಂದು ಕೂಡಿಸುವುದು ಸಹಜವಾದರೂ ಕೂಡಿಸಿದರೆ ಒಂದು ಮಾತ್ರೆ ಉದುರಿ ಲಯ ಮುಗ್ಗರಿಸುತ್ತದೆ. ಬಿಡಿಸಿ ಬರೆದರೆ ಅಕ್ಷರ ಕಲಿಯುತ್ತಿರುವ ಮಗುವಿಗೂ ಓದಲು ಸುಲಭ.

ಈ ಲೆಕ್ಕದಿಂದ ಇನ್ನೊಂದು ದೊಡ್ಡ ತೊಂದರೆಯೂ ನೀಗುತ್ತದೆ. ಮೈಸೂರಿನ ಮಗುವಿಗೆ ತಾತ, ಮಂಗಳೂರಿನ ಮಗುವಿಗೆ ಅಜ್ಜ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಆಯಿ ಎಂದರೂ ಅಮ್ಮ ಎಂದರೂ ಅಜ್ಜಿಯೇ. ಇಡೀ ನಾಡಿಗೆ ಒಂದೇ ಪದ ಆರಿಸಿದರೆ ಯಾರದೋ ಮನೆ ಹೊರಗುಳಿಯುತ್ತದೆ. ಆದರೆ ತಾತ, ಅಜ್ಜ, ಆಯಿ, ಅಮ್ಮ, ಎಲ್ಲವೂ ಮೂರು ಮಾತ್ರೆಯವೇ. ಹಾಗಾಗಿ ಮೊದಲ ಪದವನ್ನು ಪುಸ್ತಕದಿಂದ ಪುಸ್ತಕಕ್ಕೆ ಬದಲಿಸಬಹುದು: ಒಂದರ ಮೇಲೆ ‘ತಾತ ಒಂದು ಸಾಲು’, ಇನ್ನೊಂದರ ಮೇಲೆ ‘ಆಯಿ ಒಂದು ಸಾಲು’. ಲಯ ಕದಲುವುದಿಲ್ಲ, ಗುರುತೂ ಕಳೆದುಹೋಗುವುದಿಲ್ಲ.

ಅಡಿಬರಹ ಒಪ್ಪಿದ ಮೇಲೆ ಪುಸ್ತಕ ಅದಕ್ಕೆ ತಕ್ಕಂತೆ ಬದಲಾಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಇಪ್ಪತ್ತನಾಲ್ಕು ಪುಟದ ಪುಸ್ತಕದಲ್ಲಿ ಹತ್ತು ಜೋಡಿಪುಟ ಕಥೆಗೆ ಸಿಕ್ಕವೆನ್ನೋಣ. ಪ್ರತಿ ಜೋಡಿಯಲ್ಲಿ ಹಿರಿಯರಿಗೆ ಒಂದೆರಡು ವಾಕ್ಯ, ಮಗುವಿಗೆ ಒಂದು ಪುಟ್ಟ ಸಾಲು. ಮಗುವಿನ ಸಾಲು ಮತ್ತೆ ಮತ್ತೆ ಅದೇ ಬರಬೇಕು. ಮೂರನೇ ಜೋಡಿಪುಟದ ಹೊತ್ತಿಗೆ ಓದು ಬಾರದ ಮಗುವೂ ಅದನ್ನು ಬಾಯಿಪಾಠದಿಂದ ಹೇಳಿಬಿಡುತ್ತದೆ. ಮೇಕೆ ತಪ್ಪಿಸಿಕೊಂಡ ಕಥೆಯಾದರೆ ಹಿರಿಯರು ‘ಮೇಕೆ ಬಾವಿಕಟ್ಟೆ ದಾಟಿತು, ತೋಟಕ್ಕೆ ನುಗ್ಗಿತು’ ಎಂದು ಓದಿದ ಕೂಡಲೇ ಮಗು ‘ಅಲ್ಲೂ ಇಲ್ಲ, ಇಲ್ಲೂ ಇಲ್ಲ!’ ಎನ್ನಬೇಕು. ಮಗುವಿನ ಸಾಲು ಬೇರೆ ಬಣ್ಣದಲ್ಲಿದ್ದರೆ ಸರದಿ ಯಾರದೆಂದು ಕೇಳಬೇಕಾಗಿಲ್ಲ. ಹಿರಿಯರ ವಾಕ್ಯ ಪುಟದ ಕೊನೆಗೆ ಮುಗಿಯಬೇಕು. ಅರ್ಧಕ್ಕೆ ಪುಟ ತಿರುಗಿಸಬೇಕಾದರೆ ಉಸಿರೂ ಕಡಿಯುತ್ತದೆ, ಕಥೆಯೂ ಕಡಿಯುತ್ತದೆ.

ಅಕ್ಷರದ ಗಾತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ನಿರ್ಧರಿಸುವುದು ಸರಿಯಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಸಾಮಾನ್ಯ, ಕನ್ನಡದಲ್ಲಂತೂ ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತದೆ. ಮೊದಲು ಮಸುಕಾಗುವುದು ಅದೇ. ಕಥೆಯ ಅಕ್ಷರ ಹದಿನೆಂಟು ಪಾಯಿಂಟಿಗಿಂತ ಚಿಕ್ಕದಾಗದಿದ್ದರೆ, ಸಾಲುಗಳ ನಡುವೆ ಒತ್ತಿಗೆ ಜಾಗ ಬಿಟ್ಟರೆ ಒಳ್ಳೆಯದು. ಒಂದು ಪ್ರತಿಯನ್ನು ನಿಜವಾದ ಗಾತ್ರದಲ್ಲಿ ಮುದ್ರಿಸಿ, ಸಂಜೆಯ ಮನೆ ಬೆಳಕಿನಲ್ಲಿ ಒಬ್ಬ ಹಿರಿಯರ ಕೈಗೆ ಕೊಟ್ಟು ನೋಡಬೇಕು. ಅವರು ಪುಸ್ತಕವನ್ನು ದೂರ ಹಿಡಿದರೆ ಅಕ್ಷರ ಚಿಕ್ಕದಾಯಿತೆಂದೇ ಅರ್ಥ. ಪುಸ್ತಕ ದೂರ ಹೋದಷ್ಟೂ ತೊಡೆಯ ಮೇಲಿನ ಮಗುವಿಗೆ ಚಿತ್ರ ಕಾಣುವುದಿಲ್ಲ. ಅಕ್ಷರ ಬಾರದವರಿಗಾಗಿ ಇನ್ನೊಂದು ಪರೀಕ್ಷೆ ಇದೆ. ಪಠ್ಯವನ್ನು ಕಾಗದದಿಂದ ಮುಚ್ಚಿ, ಚಿತ್ರಗಳನ್ನಷ್ಟೇ ತೋರಿಸಿ ಕಥೆ ಹೇಳಿಸಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ಚಿತ್ರ ಮತ್ತೆ ಬರೆಯಬೇಕು.

ವಿದೇಶದ ಕನ್ನಡ ಮನೆಗಳಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಅಲ್ಲಿ ಅಜ್ಜಿಗೆ ಕನ್ನಡ ಓದಲು ಬರುತ್ತದೆ, ಮಗುವಿಗೆ ಬರುವುದಿಲ್ಲ. ಮತ್ತೆ ಮತ್ತೆ ಬರುವ ಸಾಲು ಅಲ್ಲಿಯೂ ನೆರವಾಗುತ್ತದೆ. ವಿಡಿಯೋ ಕರೆಯಲ್ಲಿ ಓದುವವರಿಗಾದರೆ ಇಬ್ಬರ ಬಳಿಯೂ ಒಂದೊಂದು ಪ್ರತಿ ಬೇಕು, ಪುಟಸಂಖ್ಯೆ ದೊಡ್ಡದಾಗಿರಬೇಕು. ಇಲ್ಲದಿದ್ದರೆ ಅರ್ಧ ಹೊತ್ತು ಪುಟ ಹುಡುಕುವುದರಲ್ಲೇ ಕಳೆಯುತ್ತದೆ.

ಇನ್ನು ಅಡಿಬರಹ ಕೂರುವ ಜಾಗ. ಮಧ್ಯಕ್ಕೆ ಪಿನ್ನು ಹೊಡೆದ ತೆಳು ಪುಸ್ತಕಕ್ಕೆ ಕಪಾಟಿನಲ್ಲಿ ಕಾಣುವ ಅಂಚು ಇರುವುದಿಲ್ಲ. ಹಾಗಾಗಿ ಅದು ಹಿಂಬದಿಯ ರಕ್ಷಾಪುಟಕ್ಕೆ ಹೋಗುತ್ತದೆ. ‘ಮಕ್ಕಳ ಕಥೆ ಪುಸ್ತಕಗಳು’ ಎಂಬಂತೆ ಮಾಲನ್ನು ಬರೀ ವರ್ಣಿಸುವ ಮಾತಿಗೆ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಡಿ ನೋಂದಣಿ ಸಿಗುವುದು ಕಷ್ಟ. ಮೊದಲ ಪದ ಬದಲಾಗುವ ಈ ಸಾಲಿಗೆ ಅರ್ಜಿ ಹಾಕುವವರು ಯಾವ ರೂಪವನ್ನು ನೋಂದಾಯಿಸಬೇಕೆಂದು ಮೊದಲೇ ವಕೀಲರೊಂದಿಗೆ ಕೂತು ಮಾತಾಡಬೇಕು.