ಅರಿಶಿನ ಅಂದರೆ ಯಾವ ಹಳದಿ?

ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುವ ನಮ್ಮ ಅಕ್ಕ ಲೇಬಲ್ಲಿಗೆ ಬಣ್ಣ ಕೇಳಿ ಮೆಸೇಜ್ ಕಳಿಸಿದ್ದಳು. ಚಿತ್ರ ತೋರಿಸುವ ಅನುಕೂಲ ಇರಲಿಲ್ಲ, ಮಾತಿನಲ್ಲೇ ಹೇಳಬೇಕು. "ಅರಿಶಿನದ ಹಳದಿ" ಎಂದರೆ ಅವಳಿಗೊಂದು ಕಾಣುತ್ತದೆ, ನನಗೊಂದು. ಆದ್ದರಿಂದ `#E0A100` ಎಂದು ಬರೆದೆ.

ಈ ಹೆಕ್ಸ್ ಕೋಡಿನಲ್ಲಿ ಮೂರು ಜೋಡಿಗಳಿವೆ: ಕೆಂಪು, ಹಸಿರು, ನೀಲಿ. ಪ್ರತಿ ಜೋಡಿಯೂ `00`ರಿಂದ `FF`ವರೆಗೆ, ಅಂದರೆ 0ಯಿಂದ 255ರವರೆಗೆ ಹೋಗುತ್ತದೆ. ಇಲ್ಲಿ ಕೆಂಪು 224, ಹಸಿರು 161, ನೀಲಿ ಸೊನ್ನೆ. ಮಧ್ಯದ ಜೋಡಿಯನ್ನು ಏರಿಸಿದರೆ ಬಣ್ಣ ನಿಂಬೆಯತ್ತ ಹೋಗುತ್ತದೆ, ಇಳಿಸಿದರೆ ಕಿತ್ತಳೆಯತ್ತ. ಅಕ್ಕ ಫೋನಿನಲ್ಲಿ ನೋಡಿ "ಇನ್ನೂ ಸ್ವಲ್ಪ ಕೆಂಪಗಿರಲಿ" ಎಂದರೆ ಯಾವ ಅಂಕಿ ಮುಟ್ಟಬೇಕೆಂದು ನನಗೆ ಗೊತ್ತಾಗುತ್ತದೆ.

ಅವಳು ಹಳದಿಯ ಮೇಲೆ ಬಿಳಿ ಅಕ್ಷರ ಬಯಸಿದ್ದಳು. ಅದು ಬೇಡವೆಂದೆ. ಎರಡು ಬಣ್ಣಗಳ ಹೊಳಪಿನ ಅಂತರವನ್ನು ಅನುಪಾತವಾಗಿ ಅಳೆಯಬಹುದು. ಪರದೆಯ ಮೇಲಿನ ಸಣ್ಣ ಅಕ್ಷರಕ್ಕೆ ಕನಿಷ್ಠ 4.5 ಬೇಕೆಂಬುದು ಡಬ್ಲ್ಯುಸಿಎಜಿ ಮಾನದಂಡ. ಈ ಹಳದಿ ಮೇಲೆ ಬಿಳಿಗೆ ಸಿಗುವುದು ಸುಮಾರು 2.3. ಒಣಮೆಣಸಿನಕಾಯಿಯ ಗಾಢ ಕೆಂಪು `#5A1A1A` ಇಟ್ಟರೆ ಸುಮಾರು 5.8. ಹಾಗಾಗಿ ಬೆಲೆ, ತೂಕ, ತಯಾರಿಸಿದ ದಿನಾಂಕ ಎಲ್ಲವೂ ಈ ಕೆಂಪಿನಲ್ಲೇ. ಮೂರನೇ ಬಣ್ಣ ಸೇರಿಸಲು ನಾನು ಒಪ್ಪಲಿಲ್ಲ. ಅಂಗೈಯಗಲದ ಲೇಬಲ್ಲಿಗೆ ಎರಡು ಸಾಕು.

ಒಂದು ಮಿತಿಯಿದೆ. ಈ ಕೋಡು ಪರದೆಯ ಬೆಳಕಿನದು, ಶಾಯಿಯದಲ್ಲ. ಪ್ರೆಸ್ಸಿನಲ್ಲಿ ಮೊದಲು ಒಂದೇ ಲೇಬಲ್ ಅಚ್ಚು ಹಾಕಿಸಿ ಹಗಲು ಬೆಳಕಿನಲ್ಲಿ ನೋಡು, ಹಳದಿ ಮಂಕಾಗಿದ್ದರೆ ಅಲ್ಲೇ ತಿದ್ದಿಸು ಎಂದು ಬರೆದು ಕಳಿಸಿದೆ.