ಮೂರನೇ ತಿಂಗಳ ಗಂಡಾಂತರ

ರಾಯಚೂರು ಕಡೆಯಿಂದ ಬೆಂಗಳೂರಿನ ವೈಟ್‌ಫೀಲ್ಡಿಗೆ ಗಾರೆ ಕೆಲಸಕ್ಕೆ ಬಂದಿದ್ದ ಇಪ್ಪತ್ತೆರಡರ ಹುಡುಗನಿಗೆ ಒಂದು ತಿಂಗಳಿನಿಂದ ಕೆಮ್ಮು. ಸಿಮೆಂಟು ಧೂಳಿನದಿರಬೇಕು ಎಂದುಕೊಂಡು ಮೆಡಿಕಲ್ ಶಾಪಿನ ಸಿರಪ್ ಕುಡಿಯುತ್ತಿದ್ದ. ಶೆಡ್ಡುಗಳ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಸಂಜೆ ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ ಎಂದು ಕೇಳಿ, ಕಫದ ಡಬ್ಬಿಯನ್ನು ಕೈಗಿತ್ತರು.

ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಆ ರೋಗಾಣು ಬಗ್ಗುತ್ತದೆ ಎಂಬುದೂ ಅದೇ ವರದಿಯಲ್ಲಿತ್ತು. ಹಾಗಾಗಿ ಆರು ತಿಂಗಳ ಚಿಕಿತ್ಸೆ ಸಾಕು. ತೂಕ 47 ಕೆ.ಜಿ. ಇದ್ದುದರಿಂದ ದಿನಕ್ಕೆ ಮೂರು ಮಾತ್ರೆ. ಮೊದಲ ಎರಡು ತಿಂಗಳು ಪ್ರತಿ ಮಾತ್ರೆಯಲ್ಲೂ ನಾಲ್ಕು ಔಷಧಿ, ಆಮೇಲಿನ ನಾಲ್ಕು ತಿಂಗಳು ಮೂರು.

ಎರಡನೇ ದಿನವೇ ಗಾಬರಿಯಿಂದ ಫೋನ್ ಮಾಡಿದ. ಮೂತ್ರ ಕೆಂಪಗೆ ಹೋಗುತ್ತಿದೆ, ರಕ್ತವೇ ಇರಬೇಕು!

'ರಕ್ತ ಅಲ್ಲಪ್ಪಾ, ರಿಫಾಂಪಿಸಿನ್ ಬಣ್ಣ ಅದು. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ತಕ್ಷಣ ಹೇಳು' ಎಂದರು ಆಶಾ. ಈ ಔಷಧಿಗಳಿಂದ ಕೆಲವರಿಗೆ ಯಕೃತ್ತಿಗೆ, ಕಣ್ಣಿಗೆ ತೊಂದರೆಯಾಗುವುದುಂಟು. ಆಗ ಡಾಕ್ಟರು ಮಾತ್ರೆ ಬದಲಿಸಬೇಕೇ ಹೊರತು ರೋಗಿ ತಾನಾಗಿ ಬಿಡುವಂತಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಮೂರನೇ ತಿಂಗಳಲ್ಲಿ. ಕೆಮ್ಮು ನಿಂತಿತ್ತು, ಹಸಿವು ಮರಳಿತ್ತು, ಕಫದಲ್ಲಿ ರೋಗಾಣು ಕಾಣಲಿಲ್ಲ. 'ಆರಾಮ ಆಗೀನ್ರಿ ಅಕ್ಕಾರ, ಇನ್ನ ಗುಳಿಗಿ ಯಾಕ್ರಿ?' ಎಂದು ಯುಗಾದಿಗೆ ಊರಿಗೆ ಹೊರಟ.

ಚುರುಕಾಗಿ ಬೆಳೆಯುವ ರೋಗಾಣುಗಳು ಮೊದಲ ವಾರಗಳಲ್ಲೇ ಸಾಯುತ್ತವೆ. ಅದರಿಂದಲೇ ಆರಾಮ ಎನಿಸುವುದು. ನಿಧಾನವಾಗಿ ಉಸಿರಾಡುತ್ತ ಕುಳಿತವನ್ನು ಕೊಲ್ಲಲು ಇನ್ನೂ ನಾಲ್ಕು ತಿಂಗಳು ಬೇಕು. ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು. ಬಿಟ್ಟು ಬಿಟ್ಟು ನುಂಗಿದರೆ ಔಷಧಿಗೆ ಬಗ್ಗದ ತಳಿಯೇ ಬೆಳೆಯಬಹುದು.

ಆಶಾ ಇಷ್ಟನ್ನೂ ಹೇಳಿ, ಊರಿಗೆ ಹೋಗಬೇಡ ಎನ್ನಲಿಲ್ಲ. ಪ್ರಯಾಣಕ್ಕೆ ಬೇಕಾದಷ್ಟು ಮಾತ್ರೆ ಕೊಡಿಸಿ, ಅವನ ನಿಕ್ಷಯ್ ಐಡಿಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಸರ್ಕಾರದ ಈ ಕ್ಷಯ ದಾಖಲೆಯಲ್ಲಿ ರೋಗಿಯ ಹೆಸರನ್ನು ಮತ್ತೊಂದು ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಬಹುದು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅವನಿಗೆ ಮಾತ್ರೆ ಸಿಕ್ಕಿತು. ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆಂದು ಬರುವ ತಿಂಗಳಿಗೆ 1,000 ರೂಪಾಯಿಯೂ ನಿಲ್ಲಲಿಲ್ಲ. ರಾತ್ರಿ ವಿಡಿಯೋ ಕರೆಯಲ್ಲಿ ಖಾಲಿ ಮಾತ್ರೆ ಹಾಳೆ ತೋರಿಸುವುದು ಇಬ್ಬರ ಒಪ್ಪಂದ.

ಬೆಂಗಳೂರಿಗೆ ವಾಪಸಾದಾಗ ತೂಕ 53 ಕೆ.ಜಿ. ತೂಕದ ವರ್ಗ ಬದಲಾದ್ದರಿಂದ ಮಾತ್ರೆ ಮೂರರಿಂದ ನಾಲ್ಕಾಯಿತು. ರೋಗ ಹೆಚ್ಚಿತೇನೋ ಎಂಬ ಅವನ ಅನುಮಾನ ಬಗೆಹರಿಸಲು ಮತ್ತೊಂದು ಸಂಜೆ ಹೋಯಿತು.

168 ದಿನದ ಮಾತ್ರೆ ಮುಗಿದಾಗ ಕೊನೆಯ ಕಫ ಪರೀಕ್ಷೆಯಲ್ಲೂ ರೋಗಾಣು ಇರಲಿಲ್ಲ. ಮುಂದಿನ ಎರಡು ವರ್ಷ ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರಬೇಕು. ಕೆಲಸದ ಜಾಗ ಬದಲಾದರೆ ಫೋನ್ ಮಾಡಿ ತಿಳಿಸುವಂತೆ ಆಶಾ ಅವನಿಗೂ ಮೇಸ್ತ್ರಿಗೂ ಹೇಳಿದ್ದಾರೆ.